ಕುರ್ಚಿ ಸಾಕಾ, ಅಂಗಡಿ ಬೇಕಾ?

ನನ್ನ ಹತ್ತಿರ ಕೆಲಸ ಕಲಿತ ಒಬ್ಬ ಹುಡುಗಿ ಇದ್ದಾಳೆ. ಆರು ವರ್ಷದಿಂದ ಒಂದು ಸಲೂನಿನಲ್ಲಿ ಸಂಬಳಕ್ಕೆ ಕತ್ತರಿ ಹಿಡಿದಿದ್ದಳು. ಕೈ ಚೆನ್ನಾಗಿದೆ, ಮಾತು ಮೃದು. ಒಂದು ದಿನ ಎರಡು ವಿಷಯ ಹಿಡಿದುಕೊಂಡು ಬಂದಳು. ಬೇರೆ ಒಂದು ಸಲೂನಿನವರು ನಮ್ಮಲ್ಲಿ ಒಂದು ಕುರ್ಚಿ ಖಾಲಿ ಇದೆ, ಬಾಡಿಗೆ ಕೊಟ್ಟು ನಿನ್ನದೇ ಕೆಲಸ ಮಾಡಿಕೊ ಅಂದಿದ್ದರಂತೆ. ಇನ್ನೊಂದು ಕಡೆ ಮೂರು ಕುರ್ಚಿ ಹಿಡಿಸುವಷ್ಟು ಖಾಲಿ ಅಂಗಡಿ ಸಿಕ್ಕಿದೆಯಂತೆ. "ಅಕ್ಕಾ, ಯಾವುದು ಹಿಡೀಲಿ?" ಅಂತ ಕೇಳಿದಳು. ಎರಡರ ಬಾಡಿಗೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು.

ನಾನು ಆ ಚೀಟಿ ಪಕ್ಕಕ್ಕಿಟ್ಟೆ. ಬಾಡಿಗೆ ಆಮೇಲಿನ ಮಾತು. ನೀನು ಈಗಿರುವ ಜಾಗ ಬಿಟ್ಟರೆ ನಿನ್ನ ಹಿಂದೆ ಎಷ್ಟು ಜನ ಬರುತ್ತಾರೆ ಅಂತ ಕೇಳಿದೆ. "ತುಂಬಾ ಜನ ಬರ್ತಾರೆ" ಅಂದಳು. ನಿಮ್ಮಲ್ಲೂ ಬಹಳ ಜನ ಇದೇ ಉತ್ತರ ಕೊಡುತ್ತೀರಿ ಅಂತ ನನಗೆ ಗೊತ್ತು. ನಾನೂ ಒಂದು ಕಾಲಕ್ಕೆ ಹಾಗೇ ಹೇಳಿದ್ದೆ. ಆದರೆ ಸಲೂನಿಗೆ ಬರುವವರೆಲ್ಲ ನಮಗಾಗಿ ಬರುವುದಿಲ್ಲ. ಕೆಲವರು ಆ ಬೀದಿಗಾಗಿ ಬರುತ್ತಾರೆ, ಕೆಲವರು ಆ ಬೋರ್ಡಿಗಾಗಿ, ಕೆಲವರು ಗಾಡಿ ನಿಲ್ಲಿಸಲು ಜಾಗ ಇದೆ ಅಂತ. ನಮಗಾಗಿ ಬರುವವರು ಯಾರು ಅನ್ನುವುದು ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ.

ಅದಕ್ಕೆ ಅವಳಿಗೆ ಒಂದು ನೋಟ್‌ಬುಕ್ ಕೊಟ್ಟೆ. ಮೂರು ತಿಂಗಳು ಬರಿ ಅಂದೆ. ಯಾರು ಬಂದರು, ಏನು ಮಾಡಿಸಿಕೊಂಡರು, ಅವಳ ಹೆಸರು ಹೇಳಿ ಬಂದರಾ ಅಥವಾ ಯಾವ ಕುರ್ಚಿ ಖಾಲಿ ಇತ್ತೋ ಅಲ್ಲಿ ಕೂತರಾ. ಮೂರು ತಿಂಗಳೇ ಯಾಕೆ ಅಂದರೆ, ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್, ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಸಣ್ಣ ಕೂದಲಿನವರು ನಾಲ್ಕು ವಾರಕ್ಕೆ ಬರುತ್ತಾರೆ, ಕಲರ್ ಹಾಕಿಸುವವರು ಬುಡ ಬಿಳಿಯಾದಾಗ ಐದಾರು ವಾರಕ್ಕೆ ಬರುತ್ತಾರೆ. ಒಂದೇ ತಿಂಗಳು ಬರೆದರೆ ಒಬ್ಬೊಬ್ಬರೂ ಒಂದೇ ಸಲ ಕಾಣುತ್ತಾರೆ. ಅವರು ವಾಪಸ್ ಬರುವವರೋ ಅಲ್ಲವೋ ಗೊತ್ತಾಗುವುದೇ ಇಲ್ಲ. ಮೂರು ತಿಂಗಳಾದರೆ ಖಾಯಂ ಗಿರಾಕಿ ಎರಡು ಸಲವಾದರೂ ಪುಸ್ತಕದಲ್ಲಿ ಬಂದೇ ಬರುತ್ತಾರೆ.

ಮೂರು ತಿಂಗಳಾದ ಮೇಲೆ ಇಬ್ಬರೂ ಕೂತು ಎಣಿಸಿದೆವು. ಒಟ್ಟು 310 ಜನ ಬಂದಿದ್ದರು. ಅವರಲ್ಲಿ ಎರಡು ಸಲವೋ ಅದಕ್ಕಿಂತ ಜಾಸ್ತಿಯೋ ಬಂದವರು 190. ಆ 190ರಲ್ಲಿ ಅವಳ ಹೆಸರು ಹೇಳಿ, ಅವಳು ಬಿಡುವಾಗುವವರೆಗೂ ಕಾದು ಕೂತವರು 120. ಅವಳ ಮುಖ ಸ್ವಲ್ಪ ಬಾಡಿತು. ನನಗೆ ಮಾತ್ರ ಅದು ಒಳ್ಳೆಯ ಸಂಖ್ಯೆಯಾಗಿಯೇ ಕಂಡಿತು. ಆ 120 ಜನ ನಿಜವಾಗಿ ಅವಳವರು. ಅವಳು ಲೆಕ್ಕ ಹಾಕಬೇಕಾದದ್ದು ಅವರನ್ನೇ.

ಈಗ ದುಡ್ಡಿನ ಲೆಕ್ಕ. ನಾನು ನೋಟಿನಲ್ಲಿ ಹೇಳುವುದಿಲ್ಲ, ಕಟಿಂಗ್‌ನಲ್ಲಿ ಹೇಳುತ್ತೇನೆ. ನಿಮ್ಮ ಊರಿನ ರೇಟು ಬೇರೆ, ನನ್ನ ರೇಟು ಬೇರೆ. ಆದರೆ ಎಲ್ಲ ಖರ್ಚನ್ನೂ "ಇದು ಎಷ್ಟು ಕಟಿಂಗಿನ ದುಡ್ಡು" ಅಂತ ಕೇಳಿಕೊಂಡರೆ ಲೆಕ್ಕ ಕೈಗೆ ಸಿಗುತ್ತದೆ, ಮೈಗೂ ಅರ್ಥವಾಗುತ್ತದೆ. ಬಾಡಿಗೆ 60 ಕಟಿಂಗ್ ಅಂದಾಗ, ತಿಂಗಳಲ್ಲಿ 60 ಸಲ ನಿಂತು ಕತ್ತರಿ ಆಡಿಸಿದ್ದು ಬಾಡಿಗೆಗೇ ಹೋಯಿತು ಅಂತ ಬೆನ್ನಿಗೇ ಗೊತ್ತಾಗುತ್ತದೆ ಅಲ್ವಾ? ಅವಳ ರೇಟಿನಲ್ಲಿ ಒಂದು ಕಲರ್ ನಾಲ್ಕು ಕಟಿಂಗಿಗೆ ಸಮ. ಹಾಗೆ ಎಲ್ಲವನ್ನೂ ಕಟಿಂಗಿಗೆ ತಿರುಗಿಸಿದರೆ, ಸಂಬಳಕ್ಕಿದ್ದ ಸಲೂನಿನಲ್ಲಿ ಅವಳು ತಿಂಗಳಿಗೆ 200 ಕಟಿಂಗಿನಷ್ಟು ಕೆಲಸ ಮಾಡುತ್ತಿದ್ದಳು.

ಆ 200 ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಎಲ್ಲಿಗೆ ಹೋದರೂ ಮೊದಲ ತಿಂಗಳಿಂದಲೇ 200 ಬರುತ್ತದೆ ಅಂದುಕೊಂಡಿದ್ದಳು. ಆದರೆ ಹೆಸರು ಹೇಳಿ ಬರುವ 120 ಜನರ ಕೆಲಸ ಮಾತ್ರ ತೆಗೆದು ಕೂಡಿಸಿದಾಗ ತಿಂಗಳಿಗೆ ಸುಮಾರು 115 ಕಟಿಂಗ್ ಆಯಿತು. ಜಾಗ ಬದಲಾದಾಗ ಅವರೂ ಎಲ್ಲರೂ ಬರುವುದಿಲ್ಲ. ಒಬ್ಬರಿಗೆ ದೂರ ಆಗುತ್ತದೆ, ಒಬ್ಬರು ಮರೆಯುತ್ತಾರೆ, ಒಬ್ಬರಿಗೆ ಹಳೆಯ ಸಲೂನಿನವರ ದಾಕ್ಷಿಣ್ಯ. ನಾನು ಯಾವಾಗಲೂ ಮೂರರಲ್ಲಿ ಒಂದು ಪಾಲು ಕಳೆದುಬಿಡುತ್ತೇನೆ. ಉಳಿದದ್ದು 80 ಕಟಿಂಗಿಗಿಂತ ಸ್ವಲ್ಪ ಕಡಿಮೆಯೇ. ನಾವು 80 ಅಂತಲೇ ಇಟ್ಟುಕೊಂಡೆವು. ಶುರುವಿನ ತಿಂಗಳುಗಳನ್ನು 80ರಲ್ಲಿ ದಾಟಬೇಕು. 200 ಆಗುವುದಕ್ಕೆ ವರ್ಷವಾದರೂ ಬೇಕು.

ಈ 80ನ್ನು ಮೊದಲು ಕುರ್ಚಿಗೆ ಹಾಕಿ ನೋಡೋಣ. ಅವಳಿಗೆ ಹೇಳಿದ್ದ ಬಾಡಿಗೆ ತಿಂಗಳಿಗೆ 60 ಕಟಿಂಗ್. ಶಾಂಪೂ, ಕಲರ್, ಬ್ಲೇಡಿನಂಥ ಸಾಮಾನಿಗೆ ಕೆಲಸದ ಹತ್ತರಲ್ಲೊಂದು ಪಾಲು, ಅಂದರೆ 8. ಫೋನು, ವಿಮೆ, ಟವೆಲ್ ಒಗೆಸುವುದು ಎಲ್ಲ ಸೇರಿ 10. ಒಟ್ಟು 78. ತಿಂಗಳು ಪೂರ್ತಿ ದುಡಿದು ಕೈಯಲ್ಲಿ ಉಳಿಯುವುದು ಎರಡು ಕಟಿಂಗ್! ಕುರ್ಚಿ ಅಂದರೆ ಅಪಾಯವೇ ಇಲ್ಲ ಅಂದುಕೊಂಡಿದ್ದವಳು ಇದನ್ನು ನೋಡಿ ಸುಮ್ನೆ ಕೂತಳು.

ಇಲ್ಲಿ ಒಂದು ದಾರಿ ಇದೆ, ಬಹಳ ಜನ ಕೇಳುವುದೇ ಇಲ್ಲ. ಕುರ್ಚಿಗೆ ನಿಗದಿ ಬಾಡಿಗೆ ಕೊಡಬಹುದು, ಇಲ್ಲವೇ ದುಡಿದದ್ದರಲ್ಲಿ ಪಾಲು ಕೊಡಬಹುದು. ನೂರಕ್ಕೆ 40 ಪಾಲು ಅಂತ ಮಾತಾದರೆ 80 ಕಟಿಂಗಿನ ತಿಂಗಳಲ್ಲಿ ಸಲೂನಿಗೆ 32 ಹೋಗುತ್ತದೆ. ಸಾಮಾನು, ಮಿಕ್ಕ ಖರ್ಚು ಕಳೆದರೆ ಅವಳಿಗೆ 30 ಉಳಿಯುತ್ತದೆ. ಎರಡೆಲ್ಲಿ, ಮೂವತ್ತೆಲ್ಲಿ? ಆದರೆ ಕೆಲಸ 200ಕ್ಕೆ ಏರಿದಾಗ ಇದೇ ಪಾಲು 80 ಆಗುತ್ತದೆ, ನಿಗದಿ ಬಾಡಿಗೆ ಮಾತ್ರ 60ರಲ್ಲೇ ನಿಂತಿರುತ್ತದೆ. ಎರಡೂ ಸಮವಾಗುವ ಜಾಗ 150 ಕಟಿಂಗ್. 60ನ್ನು ನೂರಕ್ಕೆ 40ರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಅದಕ್ಕಿಂತ ಕಡಿಮೆ ಕೆಲಸ ಇದ್ದಾಗ ಪಾಲು ಒಳ್ಳೆಯದು, ದಾಟಿದ ಮೇಲೆ ನಿಗದಿ ಬಾಡಿಗೆ ಒಳ್ಳೆಯದು. ಹಾಗಾದರೆ ಪಾಲಿನಲ್ಲಿ ಶುರು ಮಾಡಿ, ಸತತ ಎರಡು ತಿಂಗಳು 150 ದಾಟಿದರೆ ನಿಗದಿ ಬಾಡಿಗೆಗೆ ಬದಲಾಯಿಸುತ್ತೇವೆ ಅಂತ ಕರಾರಿನಲ್ಲೇ ಬರೆಸಬಹುದು. ಸಲೂನಿನ ಮಾಲೀಕರಿಗೂ ಇದು ನಷ್ಟವಲ್ಲ. ಖಾಲಿ ಕುರ್ಚಿಯಿಂದ ಅವರಿಗೆ ಬರುವುದು ಸೊನ್ನೆ.

ಈಗ ಅಂಗಡಿ. ಅಂಗಡಿ ಬಾಡಿಗೆ 90 ಕಟಿಂಗ್ ಅಂದಿದ್ದರು. ಕುರ್ಚಿಗೆ 60, ಇಡೀ ಅಂಗಡಿಗೆ 90! ಅವಳ ಕಣ್ಣು ಅಲ್ಲೇ ನೆಟ್ಟಿತ್ತು. ಇನ್ನೊಂದು 30 ಹಾಕಿದರೆ ನನ್ನದೇ ಬೋರ್ಡು ಅಂತ. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕುರ್ಚಿಯ 60ರೊಳಗೆ ಕರೆಂಟು, ನೀರು, ಗುಡಿಸುವವರು, ಫೋನ್ ಎತ್ತುವವರು, ಕನ್ನಡಿ, ಬೇಸಿನ್ ಎಲ್ಲ ಇದೆ. ಅಂಗಡಿಯ 90ರೊಳಗೆ ಇರುವುದು ನಾಲ್ಕು ಗೋಡೆ ಮಾತ್ರ. ಕರೆಂಟು, ನೀರಿಗೆ 20. ಗುಡಿಸಿ, ಟವೆಲ್ ಒಗೆದು, ತಲೆ ತೊಳೆಯಲು ಕೈ ಕೊಡುವ ಒಬ್ಬರಿಗೆ, ಅದೂ ಅರ್ಧ ದಿನಕ್ಕೆ, 35. ಪೈಪು, ವೈರಿಂಗ್, ಬೇಸಿನ್, ಕುರ್ಚಿ, ಕನ್ನಡಿಗೆ ಮಾಡುವ ಸಾಲದ ಕಂತು, ಮೂರು ವರ್ಷಕ್ಕೆ ಹಂಚಿದರೆ, ತಿಂಗಳಿಗೆ 30. ವಿಮೆ, ಲೈಸೆನ್ಸ್, ರಿಪೇರಿ, ಫೋನಿಗೆ 15. ಒಟ್ಟು 190. ಬಾಗಿಲು ತೆಗೆದರೂ ತೆಗೆಯದಿದ್ದರೂ ತಿಂಗಳಿಗೆ 190 ಕಟಿಂಗ್ ಹೋಗುತ್ತದೆ. 80 ಕಟಿಂಗಿನ ತಿಂಗಳಲ್ಲಿ ಸಾಮಾನಿನ 8ನ್ನೂ ಸೇರಿಸಿದರೆ 118 ಸಾಲ. 200 ಕಟಿಂಗ್ ಮಾಡಿದರೂ, ಸಾಮಾನಿಗೆ 20 ಹೋದ ಮೇಲೆ, ಹತ್ತು ಕಟಿಂಗ್ ಕೈಯಿಂದಲೇ ಹಾಕಬೇಕು.

ಹಾಗಾದರೆ ಅಂಗಡಿ ಇಟ್ಟವರು ಬದುಕುವುದು ಹೇಗೆ? ಮಿಕ್ಕ ಎರಡು ಕುರ್ಚಿಯಿಂದ. ಅವೆರಡನ್ನೂ ಅದೇ 60ಕ್ಕೆ ಬಾಡಿಗೆಗೆ ಕೊಟ್ಟರೆ 120 ಬರುತ್ತದೆ, ನೀರು ಕರೆಂಟು ಹತ್ತು ಜಾಸ್ತಿಯಾಗುತ್ತದೆ. ಆಗ 200 ಕಟಿಂಗಿನ ತಿಂಗಳಲ್ಲಿ ಅವಳಿಗೆ 100 ಉಳಿಯುತ್ತದೆ. ಸರಿ, ಅದೇ 200ನ್ನು ಬಾಡಿಗೆ ಕುರ್ಚಿಯಲ್ಲಿ ಮಾಡಿದರೆ? 60 ಬಾಡಿಗೆ, 20 ಸಾಮಾನು, 10 ಮಿಕ್ಕದ್ದು ಕಳೆದು 110 ಉಳಿಯುತ್ತದೆ. ಎರಡು ಕುರ್ಚಿ ಒಂದು ದಿನವೂ ಖಾಲಿ ಬೀಳದ ಅಂಗಡಿ, ಒಂದು ಬಾಡಿಗೆ ಕುರ್ಚಿಗಿಂತ ಹತ್ತು ಕಟಿಂಗ್ ಹಿಂದೆ! ಆ ಎರಡರಲ್ಲಿ ಒಬ್ಬರು ಬಿಟ್ಟು ಹೋದರೆ ಅವಳಿಗೆ ಉಳಿಯುವುದು 45.

ಇದನ್ನು ಕೇಳಿ, ಅಂಗಡಿ ಹಿಡಿಯಲೇಬಾರದು ಅನ್ನುತ್ತಿದ್ದೇನೆ ಅಂತ ತಿಳಿಯಬೇಡಿ. ನಾನೇ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿಯ ಲಾಭ ಬರುವುದು ಸಾಲ ತೀರಿದ ಮೇಲೆ. ಮೂರು ವರ್ಷ ಕಳೆದು ಆ 30 ಕಂತು ನಿಂತಿತು ಅಂದರೆ 100 ಇದ್ದದ್ದು 130 ಆಗುತ್ತದೆ. ಆಗ ಮಾತ್ರ ಕುರ್ಚಿಗಿಂತ ಮುಂದೆ ಹೋಗುತ್ತೇವೆ. ಅದಕ್ಕೇ ಅಂಗಡಿ ಕರಾರಿನಲ್ಲಿ ಬಾಡಿಗೆಗಿಂತ ಮೊದಲು ವರ್ಷ ನೋಡಿ. ಅವಳು ತಂದ ಕರಾರು ಮೂರು ವರ್ಷದ್ದು. ಮುಂದುವರಿಸುವ ಹಕ್ಕು ಬಾಡಿಗೆದಾರರಿಗೆ ಇದೆ ಅಂತ ಎಲ್ಲೂ ಬರೆದಿರಲಿಲ್ಲ. ಮೂರು ವರ್ಷ ಸಾಲ ಕಟ್ಟಿ, ಲಾಭ ಶುರುವಾಗುವ ತಿಂಗಳಲ್ಲಿ ಮಾಲೀಕರು ಖಾಲಿ ಮಾಡಿ ಅನ್ನಬಹುದು. ಇಲ್ಲವೇ ಬಾಡಿಗೆ ಮೂವತ್ತು ಜಾಸ್ತಿ ಮಾಡಬಹುದು. ಆಗ ನಿಮ್ಮ ಲಾಭವೆಲ್ಲ ಅವರಿಗೆ. ಸಾಲದ ಅವಧಿಗಿಂತ ಕರಾರಿನ ಅವಧಿ ಎರಡು ವರ್ಷವಾದರೂ ಉದ್ದ ಇರಬೇಕು. ವರ್ಷ ವರ್ಷ ಬಾಡಿಗೆ ಎಷ್ಟು ಏರುತ್ತದೆ ಅನ್ನುವುದೂ ಈಗಲೇ ಬರೆದಿರಬೇಕು.

ಅದೇ ಕರಾರಿನಲ್ಲಿ ಇನ್ನೊಂದು ಸಾಲು ನೋಡಿದೆವು. ಜಾಗವನ್ನು ಪೂರ್ತಿಯಾಗಲಿ ಸ್ವಲ್ಪವಾಗಲಿ ಬೇರೆಯವರಿಗೆ ಒಳಬಾಡಿಗೆಗೆ ಕೊಡಬಾರದು ಅಂತ ಇತ್ತು. ಎಲ್ಲ ಅಂಗಡಿ ಕರಾರಿನಲ್ಲೂ ಇರುವ ಸಾಲೇ ಅದು, ಓದಿಕೊಂಡು ಮುಂದೆ ಹೋಗುತ್ತೇವೆ. ಆದರೆ ಅವಳ ಲೆಕ್ಕವೆಲ್ಲ ನಿಂತಿರುವುದೇ ಎರಡು ಕುರ್ಚಿ ಬಾಡಿಗೆಗೆ ಕೊಡುವುದರ ಮೇಲೆ. ಸಲೂನಿನ ಕುರ್ಚಿಗಳನ್ನು ಬೇರೆ ಕೆಲಸಗಾರರಿಗೆ ಕೊಡಬಹುದು ಅಂತ ಮಾಲೀಕರಿಂದ ಬರಹದಲ್ಲಿ ತೆಗೆದುಕೊಳ್ಳದಿದ್ದರೆ ಆ 120 ಕಟಿಂಗ್ ಇಲ್ಲ ಅಂತಲೇ ಲೆಕ್ಕ.

ಇನ್ನು ಪೈಪಿನ ಮಾತು. ಇದು ನನ್ನ ಮೈಮೇಲೆ ಬಂದದ್ದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಮೊದಲ ಅಂಗಡಿ ಹಿಂದೆ ಬಟ್ಟೆ ಅಂಗಡಿಯಾಗಿತ್ತು. ನೀರು ಹೋಗುವ ಕೊಳವೆ ಇದ್ದದ್ದು ಹಿಂದಿನ ಮೂಲೆಯಲ್ಲಿ ಒಂದೇ ಕಡೆ. ನನಗೆ ತಲೆ ತೊಳೆಯುವ ಬೇಸಿನ್ ಪಕ್ಕದ ಗೋಡೆಗೆ ಬೇಕಿತ್ತು, ಅಲ್ಲಿಂದ ನಾಲ್ಕು ಮೀಟರ್ ದೂರ. ಕೊಳೆ ನೀರು ಸರಾಗವಾಗಿ ಹರಿಯಬೇಕಾದರೆ ಮೀಟರಿಗೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಬೇಕು. ನಾಲ್ಕು ಮೀಟರಿಗೆ 8 ಸೆಂಟಿಮೀಟರ್. ಅಷ್ಟು ಎತ್ತರ ಸಿಗಬೇಕಾದರೆ ಬೇಸಿನ್ನನ್ನು ಕಟ್ಟೆಯ ಮೇಲೆ ಕೂರಿಸಬೇಕಿತ್ತು. ಕಟ್ಟೆ ಚೆನ್ನಾಗಿ ಕಾಣಲ್ಲ ಅಂತ ನಾನೇ ಬೇಡ ಅಂದೆ, ಕೆಲಸದವರು ನೆಲದ ಮಟ್ಟದಲ್ಲೇ ಪೈಪ್ ಎಳೆದರು. ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಶನಿವಾರ, ಅಂಗಡಿ ತುಂಬಾ ಜನ, ಒಬ್ಬ ಹೆಂಗಸಿನ ತಲೆಯಲ್ಲಿ ಕಲರ್ ಹಾಕಿ ಟೈಮ್ ಆಗಿದೆ, ತೊಳೆಯಲು ಕೂರಿಸಿದರೆ ಬೇಸಿನ್‌ನಲ್ಲಿ ನೀರು ಇಳಿಯುತ್ತಲೇ ಇಲ್ಲ. ಕಪ್ಪು ನೀರು ಅವರ ಕುತ್ತಿಗೆಯವರೆಗೆ ಬಂತು. ಅವರನ್ನು ಎಬ್ಬಿಸಿ, ಟವೆಲ್ ಸುತ್ತಿ, ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಹೊಯ್ದು ತೊಳೆದೆ. ಕೆಳಗಿನ ಟ್ರ್ಯಾಪ್ ಬಿಚ್ಚಿದಾಗ ಕೂದಲೂ ಕಂಡೀಷನರ್ರೂ ಸೇರಿ ಒದ್ದೆ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ತೆಗೆದರೂ ಮುಂದಿನ ಪೈಪಿನಲ್ಲಿ ನೀರು ನಿಂತೇ ಇತ್ತು. ಟೈಲ್ಸ್ ಒಡೆಸಿ, ಕಟ್ಟೆ ಕಟ್ಟಿಸಿ, ನಾಲ್ಕು ದಿನ ಬಾಗಿಲು ಮುಚ್ಚಿದೆ. ಆ ಅಂಗಡಿ ಬಿಡುವಾಗ ಕುರ್ಚಿ, ಕನ್ನಡಿ ಹೊತ್ತುಕೊಂಡು ಬಂದೆ. ನೆಲದೊಳಗಿನ ಪೈಪು, ಗೋಡೆಯೊಳಗಿನ ವೈರು ತರಲಿಕ್ಕಾಗುತ್ತದಾ? ಹಾಕಿದ ದುಡ್ಡಿನಲ್ಲಿ ಅರ್ಧ ಅಲ್ಲೇ ಉಳಿಯಿತು. ಮೇಲಿಂದ, ಮೊದಲಿದ್ದ ಹಾಗೆ ಮಾಡಿಕೊಡಿ ಅಂತ ಕಟ್ಟೆ ಒಡೆಸುವ ಖರ್ಚನ್ನೂ ನನ್ನಿಂದಲೇ ವಸೂಲು ಮಾಡಿದರು. ಕರಾರಿನಲ್ಲಿ ಹಾಗೆಯೇ ಇತ್ತು.

ಕರೆಂಟೂ ಹಾಗೇ. ಒಂದು ಒಳ್ಳೆಯ ಹೇರ್ ಡ್ರೈಯರ್ 2000 ವ್ಯಾಟ್ ಎಳೆಯುತ್ತದೆ. ಎರಡು ಡ್ರೈಯರ್, ಒಂದು ಗೀಸರ್ ಒಟ್ಟಿಗೆ ಓಡಿದರೆ ಆರೇಳು ಕಿಲೋವ್ಯಾಟ್ ಆಯಿತು. ಬರೀ ದೀಪ, ಫ್ಯಾನಿಗೆ ಅಂತ ಇರುವ ಅಂಗಡಿಯ ಕನೆಕ್ಷನ್ ಅದನ್ನು ತಡೆಯುವುದಿಲ್ಲ. ಲೋಡ್ ಎಷ್ಟಿದೆ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಸಹಿ ಹಾಕುವ ಮೊದಲೇ.

ಕುರ್ಚಿ ಹಿಡಿಯುವವರಿಗೂ ಜಗಳ ಬರುವ ಜಾಗಗಳಿವೆ. ಪೈಪಿನ ಜಗಳವಲ್ಲ, ಗಿರಾಕಿಯ ಜಗಳ. ಹೆಸರು ಹೇಳದೆ ಬಾಗಿಲಿಂದ ಒಳಗೆ ಬಂದವರು ಯಾರ ಕುರ್ಚಿಗೆ? ಸರದಿ ಪ್ರಕಾರವಾ, ಮಾಲೀಕರ ಕುರ್ಚಿ ತುಂಬಿದ ಮೇಲೆ ಮಾತ್ರ ನಿಮಗಾ? ನಿಮ್ಮ ಗಿರಾಕಿ ಫೋನ್ ಮಾಡುವುದು ಯಾರ ನಂಬರಿಗೆ? ಸಲೂನಿನ ನಂಬರಿಗೆ ಮಾಡುತ್ತಿದ್ದರೆ, ನೀವು ಬಿಟ್ಟ ದಿನ ಆ ಪಟ್ಟಿ ಅಲ್ಲೇ ಉಳಿಯಿತು. ಕುರ್ಚಿ ಬಾಡಿಗೆ ಹಿಡಿದ ಮೊದಲ ದಿನದಿಂದಲೇ ನಿಮ್ಮ ಫೋನು, ನಿಮ್ಮ ಪುಸ್ತಕ ಇರಲಿ, ಅವರು ನನ್ನ ಗಿರಾಕಿಗಳು ಅಂತ ಕರಾರಿನಲ್ಲೂ ಇರಲಿ. ಇಷ್ಟು ತಿಂಗಳು ಹತ್ತಿರದಲ್ಲಿ ಕೆಲಸ ಮಾಡಬಾರದು ಅಂತ ಯಾರಾದರೂ ಬರೆಸಲು ಬಂದರೆ, ಅದರ ಅಂತರ ಎಷ್ಟು, ಅವಧಿ ಎಷ್ಟು ಅಂತ ಕೇಳಿ, ಕಾನೂನು ತಿಳಿದವರಿಗೆ ತೋರಿಸಿ.

ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ. ರೇಟು ಅವರೇ ಹೇಳುತ್ತಾರೆ, ಟೈಮು ಅವರೇ ಹೇಳುತ್ತಾರೆ, ರಜೆಗೆ ಅವರ ಅಪ್ಪಣೆ ಬೇಕು, ಆದರೂ ನೀವು ಕುರ್ಚಿಗೆ ಬಾಡಿಗೆ ಕಟ್ಟುತ್ತೀರಿ. ಅಂದರೆ ಕೆಲಸಗಾರರಿಗೆ ಇರುವ ಕಟ್ಟುಪಾಡೆಲ್ಲ ಇದೆ, ಸಂಬಳ ಮಾತ್ರ ಇಲ್ಲ. ಎಷ್ಟೋ ದೇಶಗಳಲ್ಲಿ ತೆರಿಗೆಯವರೂ ಕಾರ್ಮಿಕ ಇಲಾಖೆಯವರೂ ಕಾಗದದ ಮೇಲಿನ ಹೆಸರು ಬಿಟ್ಟು ಇದನ್ನೇ ನೋಡುತ್ತಾರೆ. ಕುರ್ಚಿ ನಿಮ್ಮದು ಅಂದರೆ ರೇಟೂ ಟೈಮೂ ನಿಮ್ಮ ಕೈಯಲ್ಲಿರಬೇಕು.

ಹಾಂ, ನೋಡಲು ಹೋಗುವುದಿದ್ದರೆ ಗಲಾಟೆ ಇರುವ ದಿನವೇ ಹೋಗಿ. ವಾರದ ಮಧ್ಯೆ ಎಲ್ಲ ಸಲೂನೂ ಚೆನ್ನಾಗಿಯೇ ಕಾಣುತ್ತದೆ. ರಶ್ ಇರುವಾಗ ಗಿರಾಕಿಯಾಗಿ ಕೂತು ತಲೆ ತೊಳೆಸಿಕೊಳ್ಳಿ. ಸಣ್ಣ ಗೀಸರ್ ಇದ್ದರೆ ಎರಡು ಕಲರ್ ತೊಳೆಯುವಷ್ಟರಲ್ಲಿ ಬಿಸಿನೀರು ಖಾಲಿಯಾಗುತ್ತದೆ, ಮೂರನೆಯವರಿಗೆ ತಣ್ಣೀರು. ಬಾಡಿಗೆ ಕುರ್ಚಿಯವರ ಸರದಿ ಸಾಮಾನ್ಯವಾಗಿ ಆ ಮೂರನೆಯದೇ.

ಆ ಹುಡುಗಿ ಕುರ್ಚಿಯನ್ನೇ ಹಿಡಿದಳು. ನೂರಕ್ಕೆ 40 ಪಾಲು, 150 ದಾಟಿದರೆ ನಿಗದಿ ಬಾಡಿಗೆ. ಮೊದಲ ತಿಂಗಳು 74 ಕಟಿಂಗ್ ಆಯಿತು, ಅಂದುಕೊಂಡದ್ದಕ್ಕಿಂತಲೂ ಕಡಿಮೆ. ಒಂಬತ್ತನೇ ತಿಂಗಳಿಗೆ 150 ದಾಟಿದಳು. ಈಗ ಒಂದೂವರೆ ವರ್ಷವಾಗಿದೆ, ವಾರಕ್ಕೆ ಹತ್ತು ಹನ್ನೆರಡು ಜನರಿಗೆ ಜಾಗ ಇಲ್ಲ ಅಂತ ಹೇಳಿ ಕಳಿಸುತ್ತಿದ್ದಾಳೆ. ಹಾಗೆ ವಾಪಸ್ ಕಳಿಸಿದವರನ್ನೂ ಪುಸ್ತಕದಲ್ಲಿ ಬರೆಯುತ್ತಾಳೆ. ಪಕ್ಕದ ಕುರ್ಚಿಯವಳೂ ಇನ್ನೊಬ್ಬ ಹುಡುಗನೂ ಅವಳ ಜೊತೆ ಬರುತ್ತೇವೆ ಅಂದಿದ್ದಾರೆ, ಬಾಯಿಮಾತಲ್ಲ, ಎರಡು ತಿಂಗಳ ಕುರ್ಚಿ ಬಾಡಿಗೆ ಮುಂಗಡ ಕೊಡುತ್ತೇವೆ ಅಂತ ಬರೆದುಕೊಟ್ಟಿದ್ದಾರೆ.

ಹೋದ ವಾರ ಅವಳ ಜೊತೆ ಒಂದು ಅಂಗಡಿ ನೋಡಲು ಹೋಗಿದ್ದೆ. ಐದು ವರ್ಷದ ಕರಾರು, ಮತ್ತೆ ಐದು ವರ್ಷ ಮುಂದುವರಿಸುವ ಹಕ್ಕು ಅವಳದು. ಕುರ್ಚಿ ಬೇರೆಯವರಿಗೆ ಕೊಡಬಹುದು ಅಂತ ಬರೆದುಕೊಡಲು ಮಾಲೀಕರು ಒಪ್ಪಿದ್ದಾರೆ. ಕೊಳವೆ ಬೇಸಿನ್ ಗೋಡೆಯಿಂದ ಒಂದೇ ಮೀಟರ್. ಮಾಲೀಕರನ್ನು ಕೇಳಿ ಒಂದು ಬಕೆಟ್ ನೀರು ತರಿಸಿ ಕೊಳವೆಗೆ ಸುರಿದೆವು. ಅರ್ಧ ಸರಾಗವಾಗಿ ಹೋಯಿತು, ಆಮೇಲೆ ಗುಳುಗುಳು ಅಂತ ನಿಧಾನವಾಯಿತು. ಹೊರಗಿನ ಪೈಪ್ ಎಲ್ಲಿ ಕಟ್ಟಿದೆ ಅಂತ ನೋಡಿ ಸರಿ ಮಾಡಿಸಿಕೊಡಿ, ಆಮೇಲೆ ಸಹಿ ಹಾಕುತ್ತೇನೆ ಅಂತ ಅವಳೇ ಹೇಳಿದಳು.